ಅಕ್ಕನ ಹೂಂ

ನಮ್ಮಕ್ಕ ಶಂಕ್ರವ್ವನ ಬಾಯಿಂದ ಯಾವ ಮಾತಿಗಿಂತಲೂ ಮೊದಲು ಬರುತ್ತಿದ್ದದ್ದು "ಹೂಂ". ಎರಡರಲ್ಲಿ ಒಂದು ಆರಿಸಿಕೋ ಎಂದರೂ ಅದೇ. "ಚಾ ಕುಡೀತಿಯೋ, ಊಟಾನ ಮಾಡ್ತಿಯೋ?" ಎಂದರೆ, "ಹೂಂ."

ಅದು ಮಗ್ಗ ಕಲಿಸಿದ ಚಾಳಿ. ಬನಹಟ್ಟಿಯ ನಮ್ಮ ಮನೆಯಲ್ಲಿ ಅವಳು ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆಯ ಅಂಚಿನ ಎಳೆ ಎಣಿಸುವಾಗ ಬಾಯಿ ತೆರೆದರೆ ಎಣಿಕೆ ತಪ್ಪುತ್ತಿತ್ತು. ತುಟಿ ಮುಚ್ಚಿಕೊಂಡೇ ಹೇಳಬಹುದಾದ ಉತ್ತರ ಅದೊಂದೇ.

ಅದು ಯಾವುದಕ್ಕೆ ಹೇಳಿದ ಹೂಂ ಎಂದು ತಿಳಿಯಲು ನಮಗೊಂದು ಗುರುತಿತ್ತು. ಮೊದಲನೆಯದನ್ನು ಹೇಳಿ ಎರಡನೆಯದಕ್ಕೆ ಬಾಯಿ ಹಾಕುವಷ್ಟರಲ್ಲಿ ಬಂದರೆ ಅದು ಮೊದಲನೆಯದಕ್ಕೆ. ಪೂರಾ ಕೇಳಿದ ಕೂಡಲೇ ಬಂದರೆ ಕೊನೆಗೆ ಕಿವಿಗೆ ಬಿದ್ದದ್ದಕ್ಕೆ. ಲಾಳಿ ಒಂದೆರಡು ಸಲ ಓಡಿದ ಮೇಲೆ ನಿಧಾನವಾಗಿ ಬಂದರೆ, ಎರಡರಲ್ಲಿ ಯಾವುದಾದರೂ ಆದೀತು ಎಂದು. ಅವ್ವ ಮಾತ್ರ ಈ ಗುರುತನ್ನು ನಂಬುತ್ತಿರಲಿಲ್ಲ.

"ಅಕಿ ಹೂಂ ಹಿಡ್ಕೊಂಡ ಓಡಬ್ಯಾಡ್ರಿ. ಒಂದೊಂದ ಬಿಡಿಸಿ ಕೇಳ್ರಿ," ಎನ್ನುತ್ತಿದ್ದಳು. "ಚಾ ಬೇಕೇನ?" ಅಕ್ಕ ಸುಮ್ಮನೆ. "ಊಟ?" "ಹೂಂ."

ಒಮ್ಮೆ ನಾನು, "ಜಮಖಂಡಿ ಸಂತಿಗೆ ನೀನೂ ಬರ್ತಿಯೋ, ನಾ ಒಬ್ಬನ ಹೋಗ್ಲ್ಯೋ?" ಎಂದು ಕೇಳಿ, ಅವಳು ಹೂಂ ಎಂದದ್ದೇ ತಡ ಬಸ್ಸು ಹತ್ತಿದೆ. ತಿರುಗಿ ಬಂದಾಗ ಅವಳು ಹೊಸ ಸೀರೆ ಉಟ್ಟು ಹೊಸ್ತಿಲಲ್ಲಿ ಕುಳಿತಿದ್ದಳು. ಸಿಟ್ಟಿಲ್ಲ. "ಕಳ್ಳ ಅದಿ ಲೇ ತಮ್ಮಾ. ನಿನಗ ಬೇಕಾದ್ದನ್ನ ಕಡೀಕ ಇಟ್ಟ ಕೇಳ್ತಿ," ಎಂದು ನಕ್ಕಳು.

ಅವಳನ್ನು ಬೀಳಗಿ ಕಡೆಯ ಹೊಳೆದಂಡೆಯ ಊರಿಗೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಅಲ್ಲಿಯೂ ಮಗ್ಗ ಹೂಡಿಕೊಂಡು ಒಬ್ಬಳೇ ಇದ್ದಳು. ಅವ್ವ ಸತ್ತ ಮೇಲೆ ಬಿಡಿಸಿ ಕೇಳುವವರು ಯಾರೂ ಉಳಿಯಲಿಲ್ಲ.

ಆಣೆಕಟ್ಟಿನ ಹಿನ್ನೀರು ಏರಿ ಆ ಊರು ಖಾಲಿಯಾಗುವ ಹೊತ್ತಿಗೆ ಅವಳಿಗೆ ಫೋನು ಮಾಡಿದೆ. ಲೈನು ಸರಿಯಿರಲಿಲ್ಲ. ಹಲೋ ಎಂದು ಮೂರು ಉಸಿರು ಬಿಟ್ಟ ಮೇಲೆ ಅತ್ತಲಿಂದ ಹಲೋ ಬರುತ್ತಿತ್ತು.

"ಅಕ್ಕಾ, ನಾನ ಟೆಂಪೋ ತಗೊಂಡ ಬರ್ಲ್ಯೋ, ಊರಮಂದಿ ಕೂಡ ನೀನ ಬರ್ತಿಯೋ?"

ಮಾತು ಮುಗಿದ ಕೂಡಲೇ ಬಂತು: "ಹೂಂ."

ಕೊನೆಗೆ ಬಂದ ಹೂಂ ಕೊನೆಯ ಮಾತಿಗೆ ಎಂದುಕೊಂಡೆ. ನಾಲ್ಕನೇ ಇಯತ್ತೆ ಓದಿದವನಿಗೂ ಗೊತ್ತಾಗುವ ಸಂಗತಿಯೆಂದರೆ, ಅಷ್ಟು ತಡವಾಗಿ ಮುಟ್ಟುವ ಲೈನಿನಲ್ಲಿ ಅವಳು ಅದನ್ನು ಮೊದಲ ಮಾತಿಗೇ ಹೇಳಿರಬಹುದು. ನನಗೂ ಗೊತ್ತಾಯಿತು. ಇನ್ನೊಮ್ಮೆ ಬಿಡಿಸಿ ಕೇಳಬೇಕೆಂದು ಬಾಯಿಗೂ ಬಂತು. ಆದರೆ ಆ ದಿನ ಹುನ್ನೂರಿಗೆ ಹೆಣ್ಣು ನೋಡಲು ಹೋಗುವುದಿತ್ತು. ನನಗೆ ಬೇಕಾದದ್ದನ್ನು ಕೊನೆಗಿಟ್ಟು ಕೇಳಿದ್ದೆ, ಸಿಕ್ಕಿತು. ಫೋನು ಇಟ್ಟೆ.

ಮೂರನೆಯ ದಿನ, ಮುಳುಗಡೆಯವರಿಗೆಂದು ಕಟ್ಟಿದ ಹೊಸ ಊರಿನ ಶೆಡ್ಡುಗಳಲ್ಲಿ ಅವಳನ್ನು ಹುಡುಕಿದರೆ ಅವಳಿಲ್ಲ. ಅವಳ ನೆರೆಮನೆಯ ಗಂಗವ್ವ ನನ್ನನ್ನೇ ದಿಟ್ಟಿಸಿದಳು. "ಎಷ್ಟ ಕರದ್ವಿ! ನಮ್ಮ ತಮ್ಮ ಗಾಡಿ ತರ್ತಾನ, ಹೂಂ ಅಂದೀನಿ, ನೀವ ನಡೀರಿ ಅಂದ್ಳು. ನೀ ಹೋಗೇ ಇಲ್ಲೇನಪಾ?"

ನಾನು ಹಳೆಯ ಊರು ಮುಟ್ಟಿದಾಗ ನಡುಮಧ್ಯಾಹ್ನ. ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಜನ ಕಿತ್ತುಕೊಂಡು ಹೋಗಿದ್ದರು. ಓಣಿಯ ಉದ್ದಕ್ಕೂ ಬಾಯಿ ತೆರೆದ ಗೋಡೆಗಳು. ನಾಯಿಯೂ ಇರಲಿಲ್ಲ. ಅಕ್ಕನ ಮನೆಗೆ ಮಾತ್ರ ಬಾಗಿಲಿತ್ತು. ಅದರ ಹಿಂದೆ ಹತ್ತು ಮಾರು ದೂರದಲ್ಲೇ ನೀರು, ಅಲುಗಾಡದೆ ನಿಂತಿತ್ತು.

"ಅಕ್ಕಾ! ಒಳಗ ಅದಿಯೋ, ನೀರಿಗೆ ಹೋಗಿಯೋ?"

ಎರಡನೆಯ ಮಾತು ಇನ್ನೂ ನಾಲಿಗೆಯ ಮೇಲಿತ್ತು. ಒಳಗಿಂದ ಬಂತು, ತುಟಿ ಮುಚ್ಚಿಕೊಂಡು ಹೇಳಿದ "ಹೂಂ."

ನಡುವೆ ಬಂದದ್ದು ಮೊದಲನೆಯದಕ್ಕೆ. ಸದ್ಯ ಒಳಗಿದ್ದಾಳೆ ಎಂದು ಬಾಗಿಲು ನೂಕಿದೆ. ಬಿಚ್ಚಿದ ಮಗ್ಗವನ್ನು ಹಗ್ಗದಿಂದ ಕಟ್ಟಿ ಗೋಡೆಗೆ ಒರಗಿಸಿಟ್ಟಿದ್ದಳು. ಬಟ್ಟೆಯ ಗಂಟು. ಒಲೆಯ ಮುಂದೆ ಎರಡು ಚಾದ ಕಪ್ಪು, ಒಣಗಿದವು. ಅಕ್ಕ ಇರಲಿಲ್ಲ. ಹಿತ್ತಿಲಿಂದ ಹೊರಟ ಹೆಜ್ಜೆಗಳು ನೀರಿನ ಅಂಚಿನವರೆಗೆ ಹೋಗಿದ್ದವು. ಅಂಚಿನಲ್ಲಿ ಕೊಡ ತೇಲುತ್ತಿತ್ತು.

ಸಂಜೆ, ನಾನು ಕರೆತಂದ ಹರಿಗೋಲಿನ ಮುದುಕ ಅವಳನ್ನು ನೀರಿನಿಂದ ತೆಗೆದ. "ನಿನ್ನಿ ಮುಂಜಾನೆನ ಜಾರಿ ಬಿದ್ದಾಳ್ರೀ. ದಂಡಿ ಕುಸದೈತಿ," ಎಂದ.

ನಿನ್ನೆ ಮುಂಜಾನೆ. ಹಾಗಾದರೆ ಮಧ್ಯಾಹ್ನ ಒಳಗಿದ್ದವರು ಯಾರು ಎಂದು ಅವನನ್ನು ಕೇಳಲಿಲ್ಲ. ಹುನ್ನೂರಿನಿಂದಲೇ ತಂದ ಹೆಂಡತಿಗೂ ಇವತ್ತಿನವರೆಗೆ ಹೇಳಿಲ್ಲ. ಅವಳಿಗೆ ಗೊತ್ತಿರುವುದು ಇಷ್ಟೇ: ಚಾ ಬೇಕೋ ಊಟ ಬೇಕೋ ಎಂದು ಒಟ್ಟಿಗೆ ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಒಂದು ಬೇಸಿಗೆ ನೀರು ಇಳಿದು ಆ ಗೋಡೆಗಳು ಮೇಲೆದ್ದಿವೆ ಎಂದು ಕೇಳಿ ಹೋದೆ. ಬಾಗಿಲಿದ್ದ ಜಾಗದಲ್ಲಿ ನಿಂತು, ಅವ್ವ ಕಲಿಸಿದಂತೆ, ಒಂದನ್ನೇ ಬಿಡಿಸಿ ಕೇಳಿದೆ.

"ಅಕ್ಕಾ, ನನ್ನ ದಾರಿ ಕಾಯ್ದಿಯೇನ?"

ಉತ್ತರ ಬರುವ ಮೊದಲೇ ತಿರುಗಿ ನಡೆದುಬಿಟ್ಟೆ.