ಸಂಖಾರಕ್ಕೆ ನಾನು ಆರಿಸಿದ ಇಂಗ್ಲಿಷ್ ಪದ

ಕೊರೊನಾ ಕಳೆದ ಮರುವರ್ಷ ಮೂಡಿಗೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿ ನನ್ನ ಕೊನೆಯ ವರ್ಷ ನಡೆದಿತ್ತು. ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಉಪವೃತ್ತಿ. ಎಂ.ಎ.ಯಲ್ಲಿ ಪಾಲಿ ಓದಿದ್ದೆ, ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ.

ಆ ಬೇಸಿಗೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಶೇಷಪ್ಪ ಎಂಬ ಕೆಲಸಗಾರ ಸಿಲ್ವರ್ ಓಕ್‌ನಿಂದ ಬಿದ್ದು ಸತ್ತ. ‘ಹಗ್ಗ ಕೊಟ್ಟಿದ್ದೆವು, ಕುಡಿದಿದ್ದ, ಕಟ್ಟಿಕೊಳ್ಳಲಿಲ್ಲ’ ಎಂಬ ಎಸ್ಟೇಟಿನ ಹೇಳಿಕೆಯನ್ನು ವಿಮಾ ಕಂಪನಿಗಾಗಿ ಇಂಗ್ಲಿಷಿಗೆ ತಂದವನು ನಾನೇ. ನನಗೆ ಬಂದ ಕರಡಿನಲ್ಲಿ ‘ಹಗ್ಗ ಇರಲಿಲ್ಲ’ ಎಂದು ಬರೆದು ಹೊಡೆದುಹಾಕಿದ್ದರು. ಹೊಡೆದದ್ದನ್ನು ಅನುವಾದಿಸುವ ಪದ್ಧತಿಯಿಲ್ಲ ಎಂದುಕೊಂಡು ಸುಮ್ಮನಾದೆ.

ಶೇಷಪ್ಪನ ಮಗಳು ಗಿರಿಜಾ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಒಂದು ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ನಮ್ಮಪ್ಪ ಕುಡಿದವ್ರಲ್ಲ ಸಾರ್. ಆ ಸುಳ್ಳನ್ನ ಇಂಗ್ಲಿಷ್ ಮಾಡಿದ್ದು ನೀವೇ ಅಂತೆ, ಹೌದಾ?”

ಹೌದೆಂದೆ. ಅವಳು ಹೊರಟುಹೋದಳು. ಅಂದಿನಿಂದ ಎಸ್ಟೇಟಿನ ಮಾಲೀಕರಾದ ಸಾಹುಕಾರರ ಮೇಲೆ ನನಗೆ ಸಿಟ್ಟಿತ್ತು. ಅದರಲ್ಲಿ ಅರ್ಧ ನನ್ನ ಮೇಲಿನದೇ.

ಎಂಟು ತಿಂಗಳ ಮೇಲೆ ಸಾಹುಕಾರರೇ ಕರೆಸಿದರು. ಹೋಂಸ್ಟೇ ಅತಿಥಿಗಳಿಗೆ ಧ್ಯಾನಮಂದಿರ ಕಟ್ಟಿದ್ದರು. ಅದರ ಬಾಗಿಲಲ್ಲಿ ಶೇಷಪ್ಪನ ಹೆಸರಿನ ಕಲ್ಲು, ಕಲ್ಲಿನ ಮೇಲೆ ಅನಿತ್ಯತೆಯ ಕುರಿತ ಒಂದು ಪಾಲಿ ಗಾಥೆಯ ಇಂಗ್ಲಿಷ್ ಬೇಕಿತ್ತು ಅವರಿಗೆ. ಬೌದ್ಧ ದೇಶಗಳಲ್ಲಿ ಸಾವಿನ ಮನೆಯಲ್ಲಿ ಹೇಳುವ ಗಾಥೆ ಅದು. ಮೊದಲ ಸಾಲು ‘ಅನಿಚ್ಚಾ ವತ ಸಂಖಾರಾ’, ಕೊನೆಯದು ‘ತೇಸಂ ವೂಪಸಮೋ ಸುಖೋ’.

“ಫೋನಲ್ಲಿ ನೋಡಿದ್ರೆ ಒಬ್ಬೊಬ್ರು ಒಂದೊಂಥರ ಬರ್ದಿದಾರೆ ಮೇಷ್ಟ್ರೇ. ಯಾವ್ದು ಸರಿ?” ಎಂದರು. ಅವರು ಮೆಚ್ಚಿದ್ದ ಸಾಲಿನ ಅರ್ಥ, ‘ಅವರು ಅಗಲುವುದೇ ಸುಖ.’

ನನ್ನ ಮೈ ಉರಿಯಿತು. ಆದರೂ ಸಮಾಧಾನವಾಗಿಯೇ ವಿವರಿಸಿದೆ. ಕೊನೆಯ ಸಾಲಿನ ‘ತೇಸಂ’ ಎಂದರೆ ‘ಅವುಗಳ’. ಅದು ಸತ್ತವರನ್ನಲ್ಲ, ಮೊದಲ ಸಾಲಿನ ‘ಸಂಖಾರಾ’ಗಳನ್ನು ಸೂಚಿಸುತ್ತದೆ. ‘ವೂಪಸಮೋ’ ಸಾವಲ್ಲ, ನಮ್ಮ ‘ಉಪಶಮನ’ದ ಬಂಧು, ಅವು ಶಾಂತವಾಗುವುದು. ‘ವತ’ ಎಂಬ ಅವ್ಯಯ ನಿಶ್ಚಯವನ್ನೂ ಹೇಳುತ್ತದೆ, ಮರುಕವನ್ನೂ ಹೇಳುತ್ತದೆ. ಆದ್ದರಿಂದ ಒಬ್ಬರು ‘ಇಂಡೀಡ್’ ಎಂದರೆ ಇನ್ನೊಬ್ಬರು ‘ಅಲಾಸ್’ ಎನ್ನುತ್ತಾರೆ. ‘ಅನಿಚ್ಚಾ’ಕ್ಕೆ ‘ಇಂಪರ್ಮನೆಂಟ್’ ಎಂದವರು ಬಾಳಿಕೆಯಿಲ್ಲದ್ದನ್ನು ಎತ್ತಿ ಹೇಳಿದರೆ, ‘ಇನ್‌ಕಾನ್ಸ್ಟಂಟ್’ ಎಂದವರು ನೆಚ್ಚಿಕೊಳ್ಳಲಾಗದ್ದನ್ನು ಎತ್ತಿ ಹೇಳುತ್ತಾರೆ.

ದೊಡ್ಡ ಜಗಳ ಇರುವುದು ‘ಸಂಖಾರಾ’ದಲ್ಲಿ. ನಮ್ಮ ‘ಸಂಸ್ಕಾರ’ವೇ ಅದು. ನಮ್ಮಲ್ಲಿ ಅದು ನಡತೆಯ ಕಡೆಗೂ ಅಂತ್ಯಕ್ರಿಯೆಯ ಕಡೆಗೂ ವಾಲಿತು. ಮೂಲದಲ್ಲಿ ‘ಕೂಡಿಸಿ ಮಾಡು’ ಎಂಬ ಧಾತು. ಕೂಡಿಸುವ ಕ್ರಿಯೆಯೂ ಅದೇ, ಕೂಡಿಬಂದ ವಸ್ತುವೂ ಅದೇ. ಎರಡನ್ನೂ ಹೊರುವ ಒಂಟಿ ಪದ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಬಿಡಿಭಾಗಗಳನ್ನು ನೆನೆದವರು ‘ಕಾಂಪೌಂಡೆಡ್ ಥಿಂಗ್ಸ್’ ಎಂದರು, ಕಾರಣಗಳನ್ನು ನೆನೆದವರು ‘ಕಂಡೀಷನ್ಡ್ ಥಿಂಗ್ಸ್’ ಎಂದರು. ‘ಫಾರ್ಮೇಶನ್ಸ್’ ಎಂದವರು ಕ್ರಿಯೆ, ವಸ್ತು ಎರಡನ್ನೂ ಉಳಿಸಲು ನೋಡಿದರು. ಮನಸ್ಸು ಬೇಕೆಂದು ಕಟ್ಟುವುದನ್ನು ಒತ್ತಿ ಹೇಳಬೇಕೆಂದವರು ‘ಫ್ಯಾಬ್ರಿಕೇಶನ್ಸ್’ ಎಂದರು.

“ಫ್ಯಾಬ್ರಿಕೇಶನ್ನಾ? ನಮ್ಮ ಗೇಟು, ಗ್ರಿಲ್ಲು ಮಾಡ್ತಾರಲ್ಲ, ಅದಾ?”

“ಹೌದು. ಕಟ್ಟಿ ನಿಲ್ಲಿಸಿದ್ದು.”

“ಗಟ್ಟಿ ಪದ ಮಾರಾಯ್ರೆ. ಅದೇ ಇರ್ಲಿ.”

ಕಟ್ಟುಕಥೆಗೂ ಇಂಗ್ಲಿಷಿನಲ್ಲಿ ಇದೇ ಪದ, ಸುಳ್ಳು ಸಾಕ್ಷ್ಯ ಸೃಷ್ಟಿಸುವುದಕ್ಕೆ ಕೋರ್ಟಿನಲ್ಲೂ ಇದೇ ಪದ ಎಂದು ನಾನು ಹೇಳಲಿಲ್ಲ. ‘ಇನ್‌ಕಾನ್ಸ್ಟಂಟ್ ಇಂಡೀಡ್ ಆರ್ ಫ್ಯಾಬ್ರಿಕೇಶನ್ಸ್’ ಎಂದು, ‘ಕಟ್ಟಿದ್ದು ನೆಚ್ಚಿಕೊಳ್ಳುವಂಥದ್ದಲ್ಲ’ ಎಂಬ ಅರ್ಥದಲ್ಲಿ, ಬರೆದುಕೊಟ್ಟು, ಜೀಪಿನಲ್ಲಿ ಕೂತು ಊರಿಗೆ ಬರುವಷ್ಟು ಹೊತ್ತೂ ಒಳಗೊಳಗೇ ಹಿಗ್ಗಿದೆ.

ಉದ್ಘಾಟನೆಗೆ ಬಂದ ವಕೀಲರೊಬ್ಬರು ಕಲ್ಲನ್ನು ಓದಿ, ಶೇಷಪ್ಪನ ಹೆಸರು ನೋಡಿ, “ಯಾರ ಫ್ಯಾಬ್ರಿಕೇಶನ್ಸ್?” ಎಂದು ನಗುತ್ತ ಎಲ್ಲರೆದುರು ಕೇಳಿಬಿಟ್ಟರು. ಮರುದಿನ ಸಾಹುಕಾರರು ಮನೆಗೇ ಬಂದರು. ಮುಖ ಕಪ್ಪಿಟ್ಟಿತ್ತು.

“ಬೇಕಂತಲೇ ಮಾಡಿದ್ರಿ ಅಲ್ವಾ?”

“ಪಾಲಿ ಬಲ್ಲ ಯಾರನ್ನಾದ್ರೂ ಕೇಳಿ ನೋಡಿ. ಪದ ಸರಿಯಿದೆ” ಎಂದೆ.

ಕಲ್ಲು ಕಿತ್ತರು. ಗಿರಿಜಾಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಖುಷಿಪಡುತ್ತಾಳೆಂದುಕೊಂಡಿದ್ದೆ.

“ನೀವು ನಕ್ರಿ, ಆ ವಕೀಲ್ರು ನಕ್ರು. ನಮ್ಮಮ್ಮಂಗೆ ಏನಾಯ್ತು ಸಾರ್? ಅಪ್ಪ ಈಗ್ಲೂ ಕುಡುಕನೇ ತಾನೆ?”

ಆ ಸಂಜೆಯೇ ಹಳೆಯ ಫೈಲಿನಲ್ಲಿದ್ದ ಕರಡಿನ ಪ್ರತಿಯನ್ನು ಹುಡುಕಿ ತೆಗೆದೆ. ಮುಂದಿನ ವಾರ ಅವಳ ಜೊತೆ ಕಾರ್ಮಿಕ ಅಧಿಕಾರಿಯ ಎದುರು ಕೂತು, ಹೊಡೆದುಹಾಕಿದ ಸಾಲನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿದೆ. ಅಧಿಕಾರಿ ಎಸ್ಟೇಟಿನ ರೈಟರನ್ನು, ಅಂದರೆ ಆ ಕರಡು ಬರೆದ ಗುಮಾಸ್ತನನ್ನು, ಕರೆಸಿದರು. ಹಗ್ಗ ಕೊಟ್ಟಿರಲಿಲ್ಲವೆಂದೂ ಶೇಷಪ್ಪ ಕುಡಿದಿರಲಿಲ್ಲವೆಂದೂ ಅವನು ತಲೆತಗ್ಗಿಸಿ ಒಪ್ಪಿದ. ಹೇಳಿಕೆ ಸುಳ್ಳೆಂದು ದಾಖಲಾಯಿತು. ಎದುರಿಗೆ ಕೂತಿದ್ದ ಸಾಹುಕಾರರ ಮುಖವನ್ನು ನಾನು ಕಣ್ಣು ತುಂಬ ನೋಡಿದೆ.

ಪದಕ್ಕೆ ಎರಡು ಅರ್ಥವಿದ್ದರೆ ಕೆಲಸ ಕೊಟ್ಟವರಿಗೆ ಎರಡನ್ನೂ ಹೇಳಬೇಕು, ಅದು ಅನುವಾದಕನ ಧರ್ಮ. ಕಲ್ಲಿನ ವಿಷಯದಲ್ಲಿ ನಾನು ಅದನ್ನು ಮುರಿದೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಹೊಡೆದುಹಾಕಿದ ಸಾಲನ್ನು ಹೇಳಲು ಒಂಬತ್ತು ತಿಂಗಳು ತಡಮಾಡಿದ್ದಕ್ಕೆ ಇದೆ. ಎದುರಾಳಿಗೆ ಅರ್ಥವಾಗದ ಭಾಷೆಯಲ್ಲಿ ತೀರಿಸಿಕೊಂಡ ಸೇಡಿನಿಂದ ನೊಂದವರಿಗೆ ಏನೂ ಸಿಗುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.