ಒಂದಿಂಚು ಕಡಿಮೆ

ಬಾಂಡ್ಲಿ ಅಕ್ಕನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹರೆಯದಲ್ಲಿ ಕಾಂಕ್ರೀಟಿನ ಬಾಂಡ್ಲಿ ತಲೆಗೇರಿಸಿದವಳು ಕೂದಲು ನೆರೆತರೂ ಇಳಿಸಿರಲಿಲ್ಲ. ಅವಳು ಹೊತ್ತು ಸುರಿದ ಚಾವಣಿಗಳ ಕೆಳಗೆ ಅರ್ಧ ಊರೇ ಮಲಗುತ್ತಿತ್ತು. ಅವಳು ಮಾತ್ರ ತಗಡಿನ ಕೆಳಗೆ ಬೇಯುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿದ್ದಾರೆಯೇ?

ಹೆತ್ತವರು ಹೋದ ಮೇಲೆ ಕೈತುತ್ತು ಹಾಕಿ ಸಾಕಿದ ತಮ್ಮ ಈಗ ಮೇಸ್ತ್ರಿ. ಅವನನ್ನು ಕೆಲಸಕ್ಕೆ ಹಚ್ಚಿದವಳೂ ಅವಳೇ. ಅವನು ಚಾವಣಿಯ ಮೋಲ್ಡ್ ಹಾಕಿದ ಮನೆಗಳ, ಊರ ಶಾಲೆಯ ಮುಂದೆ ಹಾದುಹೋಗುವಾಗೆಲ್ಲ, "ಇದು ನನ್ನ ತಮ್ಮ ಹಾಕಿದ್ದು" ಎಂದು ಜೊತೆಯವರಿಗೆ ತೋರಿಸದೆ ಅವಳ ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ.

ಕೊನೆಗೂ ಅವಳ ಮನೆಯ ಗೋಡೆಗಳು ಎದ್ದವು. ಮೇಲೊಂದು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಬಾಂಡ್ಲಿಯಿಂದ ತಲೆಗೆ ಬಿಡುಗಡೆ. ಅವಳ ಆಸೆ ಇಷ್ಟೇ. ಹಾಗಾಗಿ ಚಾವಣಿ ಐದಿಂಚು ಇರಲೇಬೇಕೆಂದು ಪಟ್ಟು ಹಿಡಿದಳು. ತಮ್ಮ ಅವಳ ಮುಂದೆಯೇ ಕೂತು ಲೆಕ್ಕ ಹಾಕಿದ. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಐದಿಂಚು ದಪ್ಪ ಎಂದರೆ ಇನ್ನೂರೈವತ್ತು ಘನ ಅಡಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಐವತ್ತೇಳು ಮೂಟೆ ಸಿಮೆಂಟು ಬೇಕು. ಚೆಲ್ಲಿ ಹೋಗುವುದೂ ಸೇರಿ ಅರವತ್ತು. ಮರಳು ನೂರಹತ್ತು ಅಡಿ, ಜಲ್ಲಿ ಅದರ ಎರಡರಷ್ಟು, ಕಬ್ಬಿಣ ಆರುನೂರು ಕಿಲೋ. ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಬಂತು. ಅರ್ಧ ದುಡ್ಡನ್ನು ಕಬ್ಬಿಣವೇ ನುಂಗಿತು. ಕೂಡಿಟ್ಟದ್ದೆಲ್ಲ ಬರಿದಾಯಿತು, ಆದರೂ ಅವಳಿಗೆ ಬೇಸರವಿರಲಿಲ್ಲ.

ಮೋಲ್ಡಿನ ದಿನ ಅವಳು ಸೆರಗನ್ನು ತಲೆಗೆ ಸಿಂಬಿ ಸುತ್ತಿ ಹೊರಟರೆ ತಮ್ಮ ತಡೆದ. ಇವತ್ತು ನೀನು ಮನೆ ಯಜಮಾನಿ, ಮೇಲೆ ಹತ್ತಕೂಡದು, ಕೂತು ನೋಡು ಎಂದು ನೆರಳಿನಲ್ಲಿ ಕುರ್ಚಿ ಹಾಕಿಸಿದ. ಜೊತೆಯ ಹೆಂಗಸರು ರಾಣಿಯಮ್ಮ ಎಂದು ಕಿಚಾಯಿಸಿದರು. ಅವಳಿಗೆ ಕಣ್ಣು ತುಂಬಿ ಬಂತು. ಪಾಪ, ಕಿವಿಗೆ ಹೂವಿಡುತ್ತಿದ್ದಾನೆ ಎಂದು ಹೇಗೆ ಗೊತ್ತಾಗಬೇಕು? ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನಂತೆ ಬೆಳೆದವನು.

ಬೆಳಿಗ್ಗೆ ಶುರುವಾದ ಕಾಂಕ್ರೀಟು ಕಲಸುವ ಮಿಲ್ಲರ್ ಯಂತ್ರ ಮಧ್ಯಾಹ್ನ ಕಳೆದು ನಿಂತಿತು. ಆಳುಗಳು ಕೈಕಾಲು ತೊಳೆಯುತ್ತಿದ್ದಾಗ ಅವಳ ಕಣ್ಣು ಗೋಡೆ ಪಕ್ಕಕ್ಕೆ ಹೋಯಿತು. ಹತ್ತು ಮೂಟೆ ಸಿಮೆಂಟು ಹಾಗೇ ಕೂತಿತ್ತು. ಅಚ್ಚುಕಟ್ಟಾಗಿ ಹಾಕಿದ್ದಕ್ಕೆ ಉಳಿಯಿತು ಎಂದು ತಮ್ಮ ಹಲ್ಲುಬಿಟ್ಟ; ತನ್ನ ಕಾಂಪೌಂಡಿಗೆ ಆಗುತ್ತದೆ, ಒಯ್ಯಲೇ ಎಂದು ಕೇಳಿಯೂಬಿಟ್ಟ.

ಅವಳು ಮರಳಿನ ಗುಡ್ಡೆ ನೋಡಿದಳು. ಆರರಲ್ಲಿ ಒಂದು ಪಾಲು ಉಳಿದಿತ್ತು. ಜಲ್ಲಿಯೂ ಅಷ್ಟೇ. ಬರೀ ಸಿಮೆಂಟು ಉಳಿದಿದ್ದರೆ ಕಲಸಿದ್ದರಲ್ಲಿ ಮೋಸ. ಮೂರೂ ಒಂದೇ ಪಾಲಿನಲ್ಲಿ ಉಳಿದರೆ ಕಲಸಿದ್ದು ಸರಿ, ಹರಡಿದ್ದೇ ತೆಳ್ಳಗೆ.

ಕೆಳಗೆ ಬಿದ್ದಿದ್ದ ಗಟ್ಟಿ ತಂತಿಯ ತುಂಡು ಹಿಡಿದು ಏಣಿ ಹತ್ತಿದಳು. ಕೊನೆಗೆ ಸುರಿದ ಕಡೆ ಇನ್ನೂ ಹಸಿಯಿತ್ತು. ಕಣ್ಣಿಗೆ ಕಾಣುವ ಅಂಚಿನಲ್ಲಿ ಚುಚ್ಚಿದರೆ ಐದಿಂಚು. ಹಲಗೆಯ ಮೇಲೆ ಮಂಡಿಯೂರಿ, ಕೈಚಾಚಿ ಒಳಗೆ ಚುಚ್ಚಿದಳು. ಕೆಳಗೆ ಹಾಸಿದ ಸೆಂಟ್ರಿಂಗ್ ಶೀಟು ತಾಗಿತು. ಉಗುರು ಒತ್ತಿ ಹಿಡಿದು ತಂತಿ ಹೊರಗೆಳೆದಳು. ನಾಲ್ಕೇ. ಮೇಲೆ ಇನ್ನೊಂದಿಂಚು ಸುರಿಸೋಣವೆಂದರೆ ಬೆಳಿಗ್ಗೆ ಹಾಕಿದ ಕಡೆ ಆಗಲೇ ಬಿಗಿದಿತ್ತು. ಹಾಕಿದರೂ ತೇಪೆಯಾದೀತೇ ಹೊರತು ಒಂದಾಗದು. ಮೇಲಿನ ಕೋಣೆಯ ಆಸೆ ಅಲ್ಲಿಗೆ ಮುಗಿಯಿತು.

ತಮ್ಮ ಹಿಂದೆಯೇ ಹತ್ತಿ ಬಂದಿದ್ದ. ಅವಳ ಕೈಯ ತಂತಿ ನೋಡಿ ದನಿ ತಗ್ಗಿಸಿದ.

"ನಾಲ್ಕು ಸಾಕು ಬಿಡಕ್ಕ. ಕೆಳಗೆ ಇರೋಳು ನೀನೊಬ್ಬಳೇ ತಾನೆ?"

ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದಳು, ಕಣ್ಣಾರೆ ಕಂಡಿರಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದಳು. ಆಗ ಅಂಚು ಮಾತ್ರ ಐದಿಂಚು ಬಿಟ್ಟಿದ್ದ ಆ ಕೈಚಳಕ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಎಲ್ಲೂ ತಪ್ಪಿಲ್ಲ, ಎಲ್ಲೂ ತಡಬಡಿಸಿಲ್ಲ. ಇದು ಮೊದಲ ಸಲ ಮಾಡಿದವನ ಕೆಲಸವಲ್ಲ.

"ಉಳಿದ ಮನೆಗಳದ್ದೂ ಹೀಗೇನಾ?" ಎಂದು ಕೇಳಿದಳು.

ಅವನು ಮಟ್ಟದ ದಾರ ಸುತ್ತತೊಡಗಿದ.

"ಶಾಲೆದೂ ಹೀಗೇನೋ? ಶಾಲೆದಾದ್ರೂ ಹೇಳು."

ಅವನು ದಾರ ಸುತ್ತಿ ಮುಗಿಸಿದ. ಕೆಳಗೆ ಆಳುಗಳು ಊಟಕ್ಕೆ ಕರೆಯುತ್ತಿದ್ದರು. ಇಲ್ಲ ಎನ್ನುತ್ತಾನೇನೋ ಎಂದು ಅವಳು ಕಾದೇ ಕಾದಳು. ಅವನು ಏಣಿಯಿಳಿದು ಹೋದ. ಶಾಲೆಯ ಆ ಚಾವಣಿಗೆ ಮೊದಲ ಬಾಂಡ್ಲಿ ಸುರಿದವಳು ಅವಳೇ.