ಚಿನ್ನ ಇಳೀಲಿ ಅಂತ ಕಾದವರು

ನನ್ನ ಗಂಡ ಫ್ರಿಜ್ ರಿಪೇರಿ ಮಾಡುವವರು. ಕೈ ಒಳ್ಳೆಯದು, ಮನಸ್ಸು ಇನ್ನೂ ಒಳ್ಳೆಯದು. ಇರುವುದು ಒಂದೇ ರೋಗ: ಯಾವುದನ್ನೂ ಇವತ್ತಿನ ಬೆಲೆಗೆ ಕೊಳ್ಳುವುದಿಲ್ಲ. ಬೆಲೆ ಇಳಿಯಲಿ ಎಂದು ಕಾದು ಕಾದು ನಮ್ಮ ಮನೆಗೆ ಫ್ಯಾನ್ ಬಂದಾಗ ಚಳಿ ಶುರುವಾಗಿತ್ತು. ಮಗಳು ಹುಟ್ಟಿದ ದಿನ ನನಗೊಂದು ಚಿನ್ನದ ಸರ ಕೊಡಿಸುತ್ತೇನೆ ಅಂದರು. ಸರ ಬಂತು. ಆ ಹೊತ್ತಿಗೆ ಮಗಳಿಗೆ ಮೂರು ವರ್ಷ. ಬೀದಿಯವರೆಲ್ಲ ಅವರನ್ನು 'ಇಳೀಲಿ ಮಾಮ' ಎಂದೇ ಕರೆಯುವುದು.

ಆ ಮಗಳಿಗೇ ಈಗ ಮದುವೆ ನಿಶ್ಚಯವಾಯಿತು, ಒಂಬತ್ತು ವಾರಕ್ಕೆ. ಅವಳು ಬೇಕರಿಯಲ್ಲಿ ದಿನವಿಡೀ ಹಿಟ್ಟು ನಾದುವವಳು. ಗಟ್ಟಿ ಕೈ, ಅಗಲ ಮುಷ್ಟಿ. ಅಂಗಡಿಯ ರೆಡಿಮೇಡ್ ಬಳೆ ಒಂದೂ ಅವಳ ಕೈಗೆ ಏರುವುದಿಲ್ಲ. ಚಿಕ್ಕಂದಿನಲ್ಲಿ ಗೆಳತಿಯರೆಲ್ಲ ಬಳೆ ತೊಟ್ಟಾಗ ಇವಳು ಅಳುತ್ತಾ ಬರುತ್ತಿದ್ದಳು. "ನಿನ್ನ ಮದುವೆಗೆ ನಿನ್ನ ಕೈಗೇ ಮಾಡಿಸ್ತೀನಿ ಪುಟ್ಟಿ, ಎರಡು ಚಿನ್ನದ ಬಳೆ" ಎಂದು ಅಪ್ಪ ಅವತ್ತೇ ಮಾತು ಕೊಟ್ಟಿದ್ದರು. ಅದಕ್ಕೆಂದೇ ಹತ್ತು ವರ್ಷ ಕೂಡಿಟ್ಟದ್ದು ಮೂರು ಲಕ್ಷ.

ದುಡ್ಡಿದೆ, ಮಗಳಿದ್ದಾಳೆ, ಮದುವೆಯಿದೆ. ಇನ್ನೇನು ಬೇಕು? ಇವರಿಗೆ ರೇಟು ಇಳಿಯಬೇಕು!

ಕೈ ಹಿಡಿದು ಎಳೆದುಕೊಂಡೇ ಚಿನ್ನದ ಅಂಗಡಿಗೆ ಹೋದೆ. ಅಲ್ಲಿ ಬಳೆ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿರುವ ಒಬ್ಬ ಹೆಂಗಸಿದ್ದಾಳೆ. ನನ್ನ ಹತ್ತಿರವೇ ಬಟ್ಟೆ ಹೊಲಿಸುವವಳು. ನಾವು ಕೌಂಟರಕ್ಕ ಅನ್ನುತ್ತೇವೆ.

ಇವರು ಕೂರುವ ಮೊದಲೇ ಕೇಳಿದರು: "ಇವತ್ತು ಗ್ರಾಂಗೆ ಒಂಬತ್ತು ಸಾವಿರ. ಇಳಿಯುತ್ತಾ?"

"ಅಣ್ಣ, ಅದು ಗೊತ್ತಿದ್ದಿದ್ರೆ ನಾನ್ಯಾಕೆ ದಿನಾ ಹತ್ತು ಗಂಟೆ ಕಾಲು ನೋಯಿಸ್ಕೊಂಡು ಇಲ್ಲಿ ನಿಂತಿರ್ತಿದ್ದೆ?"

"ಆದ್ರೂ, ಎಂಟೂವರೆಗೆ ಬರಲ್ವಾ?"

"ಬರಬಹುದು. ಒಂಬತ್ತೂವರೆಗೂ ಹೋಗಬಹುದು. ಮದುವೆ ಯಾವಾಗ?"

"ಇನ್ನೂ ಒಂಬತ್ತು ವಾರ ಇದೆ."

"ಅಳತೆ ಕೊಟ್ಟು ಮಾಡಿಸೋಕೆ ಮೂರು ವಾರ ಬೇಕು. ಮದುವೆ ಕಾಲ ಶುರುವಾದ್ರೆ ಐದು. ಅಲ್ಲಿಗೆ ನೀವು ಕಾಯಬಹುದಾದದ್ದು ನಾಲ್ಕೇ ವಾರ. ಎಷ್ಟು ಗ್ರಾಂ?"

"ಹದಿನೈದರದ್ದು ಎರಡು."

"ಐನೂರು ಇಳಿದ್ರೆ ನಿಮಗೆ ಉಳಿಯೋದು ಹದಿನೈದು ಸಾವಿರ. ಈ ಹೂವಿನ ಕೆತ್ತನೆಗೆ ಮೇಕಿಂಗ್ ಚಾರ್ಜು ನೂರಕ್ಕೆ ಹನ್ನೆರಡು. ಪಕ್ಕದ ಸಾದಾ ಬಳೆಗೆ ಎಂಟು. ಸಾದಾ ತಗೊಳ್ಳಿ, ಹನ್ನೊಂದು ಸಾವಿರ ಇವತ್ತೇ ಉಳೀತು. ತೆರಿಗೆ ಸೇರಿ ನಿಮ್ಮ ಮೂರು ಲಕ್ಷಕ್ಕೆ ಸರಿಹೋಗುತ್ತೆ."

ಎಂಥಾ ಲೆಕ್ಕ! ನನಗೆ ಅವಳ ಕೈ ಹಿಡಿದು ಕುಣಿಯಬೇಕು ಅನ್ನಿಸಿತು.

"ಕಾಯಲೇಬೇಕು ಅಂದ್ರೆ?" ಅಂದರು ಇವರು.

"ಆಗ ಪೂರ್ತಿ ಕಾಯಬೇಡಿ. ಒಂದು ಬಳೆ ಈಗ, ಇನ್ನೊಂದು ಆಮೇಲೆ. ಇಲ್ಲಾಂದ್ರೆ ಕಾಲು ಭಾಗ ಮುಂಗಡ ಕೊಟ್ಟು ಬುಕ್ ಮಾಡಿ. ಮೂವತ್ತು ದಿನದೊಳಗೆ ಬಳೆ ತಗೊಂಡ್ರೆ, ಬುಕ್ ಮಾಡಿದ ದಿನದ್ದು, ತಗೊಳ್ಳೋ ದಿನದ್ದು, ಎರಡರಲ್ಲಿ ಯಾವ ರೇಟು ಕಡಿಮೆಯೋ ಅದು."

"ಅಂಗಡಿಯವರು ಇಷ್ಟು ಒಳ್ಳೆಯವರಾದ್ರೆ ಏನೋ ಮಸಲತ್ತು ಇರುತ್ತೆ," ಎಂದು ಇವರು ಎದ್ದೇಬಿಟ್ಟರು. ದಾರಿಯುದ್ದಕ್ಕೂ ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಮೂರು ವಾರ ಆ ಮನುಷ್ಯ ಬೆಳಗೆದ್ದು ಮುಖ ತೊಳೆಯುವ ಮೊದಲು ಮೊಬೈಲಿನಲ್ಲಿ ರೇಟು ನೋಡಿದರು. ಒಂಬತ್ತು ಸಾವಿರದ ನೂರು. ಮುನ್ನೂರು. ಆರುನೂರು. ಮೂರು ಲಕ್ಷಕ್ಕೆ ಬರಬೇಕಾಗಿದ್ದ ಜೋಡಿಗೆ ಈಗ ನಮ್ಮ ದುಡ್ಡು ಇಪ್ಪತ್ತು ಸಾವಿರ ಸಾಲದು. ಇವರ ತಮಾಷೆ ನಿಂತಿತು. ಊಟಕ್ಕೆ ಕೂತರೆ ಮಗಳ ಕೈ ನೋಡುತ್ತಾ ಕೂರುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು.

ಒಂದು ದಿನ ನಾನು ಅವರಿಗೆ ಹೇಳದೆ ನನ್ನ ಸರ ತೆಗೆದುಕೊಂಡು ಅಂಗಡಿಗೆ ಹೋದೆ. ಕೊಂಡಿ ಮುರಿದು ಡಬ್ಬಿ ಸೇರಿ ವರ್ಷವಾಗಿತ್ತು.

"ಕೊಡೋ ಚಿನ್ನಕ್ಕೂ ತಗೊಳ್ಳೋ ಚಿನ್ನಕ್ಕೂ ಇವತ್ತಿನದೇ ರೇಟು ಅಕ್ಕಾ," ಅಂದಳು ಕೌಂಟರಕ್ಕ. "ಏರಿದ್ರೆ ಎರಡೂ ಏರುತ್ತೆ, ಇಳಿದ್ರೆ ಎರಡೂ ಇಳಿಯುತ್ತೆ. ನಿಮಗೆ ಕಾಯೋ ಗೋಜೇ ಇಲ್ಲ."

ಸರ ಹದಿನಾರು ಗ್ರಾಂ ತೂಗಿತು. ಪರೀಕ್ಷೆ ಮಾಡಿ, ಬೆಸುಗೆ ಕಳೆದು ಹದಿನೈದಕ್ಕೆ ಬೆಲೆ ಕಟ್ಟಿದರು. ಮೇಕಿಂಗ್ ಚಾರ್ಜು, ತೆರಿಗೆ ನನ್ನ ಹೊಲಿಗೆ ದುಡ್ಡಿನಲ್ಲಿ ಕೊಟ್ಟೆ. ಮಗಳ ಮುಷ್ಟಿಯ ಅಳತೆಯನ್ನು ಹಿಂದಿನ ದಿನವೇ ಟೇಪಿನಲ್ಲಿ ತೆಗೆದುಕೊಂಡಿದ್ದೆ. ಒಂದು ಸಾದಾ ಬಳೆ. ಒಂದಾದರೂ ಆಗಲಿ. ಸರ ಕೊಟ್ಟು ಹೊರಗೆ ಬಂದಾಗ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಕೌಂಟರಕ್ಕ ರಸೀದಿ ಬರೆಯುವಾಗ ತುಟಿ ಕಚ್ಚಿಕೊಂಡು ನಕ್ಕಿದ್ದಳು. ಯಾಕೆಂದು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಮಗಳೂ ನಗುತ್ತಿದ್ದಳು. ಕೇಳಿದರೆ, "ಏನಿಲ್ಲಮ್ಮ, ನನ್ನ ಕೈಗೆ ಈ ವಾರ ತುಂಬಾ ಮರ್ಯಾದೆ" ಅಂದಳು.

ಬಳೆ ಸಿದ್ಧ ಎಂದು ಫೋನ್ ಬಂದ ದಿನ, ಹೇಳಿದ ಸಮಯಕ್ಕೆ ಸರಿಯಾಗಿ ಅಂಗಡಿಗೆ ಹೋದೆ. ನೋಡಿದರೆ ಕೌಂಟರಿನ ಮುಂದೆ ನನ್ನ ಗಂಡ!

"ನೀನ್ಯಾಕೆ ಬಂದೆ?" ಅಂದರು.

"ನೀವ್ಯಾಕೆ ಬಂದ್ರಿ?" ಅಂದೆ.

ಕೌಂಟರಕ್ಕ ಕೆಂಪು ಮಖಮಲ್ಲಿನ ತಟ್ಟೆ ಮುಂದಿಟ್ಟಳು. ಎರಡು ಬಳೆ. ಒಂದೇ ಅಳತೆ, ಒಂದೇ ಮಾದರಿ. ಒಂದರ ಜೊತೆ ನನ್ನ ರಸೀದಿ, ಇನ್ನೊಂದರ ಜೊತೆ ಅವರದು. ಅವರದರ ಪಕ್ಕದಲ್ಲಿ ಬಳೆಯಂತೆ ಬಗ್ಗಿಸಿದ ತಾಮ್ರದ ಕೊಳವೆಯ ತುಂಡು! ಫ್ರಿಜ್ಜಿಗೆ ಹಾಕುವ ಕೊಳವೆಯಲ್ಲಿ ಮಗಳ ಕೈ ಅಳೆದಿದ್ದರು, ಪುಣ್ಯಾತ್ಮರು.

"ಇಳಿಯುತ್ತೆ ಅಂತ ಕಾದು ಕಾದು ಕೆಟ್ಟೆ ಕಣೇ," ಅಂದರು ತಲೆ ತಗ್ಗಿಸಿ. "ಒಂದನ್ನಾದ್ರೂ ಮಾಡಿಸೋಣ ಅಂತ ಒಂಬತ್ತು ಸಾವಿರದ ಆರುನೂರಕ್ಕೆ ಬುಕ್ ಮಾಡ್ದೆ. ನಿನಗೆ ಹೇಳೋಕೆ ಮುಖ ಇರಲಿಲ್ಲ."

"ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ, ನಮ್ಮ ಅಂಗಡಿ ನಿಯಮ," ಅಂದಳು ಕೌಂಟರಕ್ಕ. "ಆದ್ರೆ ಇಬ್ಬರನ್ನೂ ಒಂದೇ ಹೊತ್ತಿಗೆ ಕರೀಬಾರದು ಅಂತ ನಿಯಮ ಇಲ್ಲ. ಅಣ್ಣ, ಇನ್ನೊಂದು ಸುದ್ದಿ. ಇವತ್ತು ರೇಟು ಒಂಬತ್ತು ಸಾವಿರದ ಇನ್ನೂರು. ನಿಮ್ಮ ಬಳೆಗೆ ಅದೇ ರೇಟು."

"ಇಳೀತಾ!" ಇವರು ಕೂಗಿದ್ದಕ್ಕೆ ಅಂಗಡಿಯೆಲ್ಲ ತಿರುಗಿ ನೋಡಿತು. ಇಳಿದ ರೇಟೂ ನಾವು ಮೊದಲ ದಿನ ಬಿಟ್ಟುಬಂದ ರೇಟಿಗಿಂತ ಹೆಚ್ಚೇ ಇತ್ತು. ಅದನ್ನು ನಾನು ಎತ್ತಿ ಆಡಲಿಲ್ಲ. ನಗುವೇ ನಿಲ್ಲುತ್ತಿರಲಿಲ್ಲ.

ನಗುವುದನ್ನು ಮೊದಲು ನಿಲ್ಲಿಸಿದವರು ಅವರು. ನನ್ನ ರಸೀದಿ ಓದಿದರು. 'ಹಳೆಯ ಸರ, ಒಂದು' ಎಂದು ಅದರಲ್ಲಿತ್ತು. ನನ್ನ ಕತ್ತು ನೋಡಿದರು. ತಮ್ಮ ಬಳೆಯ ಬಾಕಿ ಕೊಟ್ಟ ಮೇಲೂ ಚೀಲದಲ್ಲಿ ಹತ್ತಿರ ಹತ್ತಿರ ಒಂದೂವರೆ ಲಕ್ಷ ಇತ್ತು, ಎರಡನೆಯ ಬಳೆಗೆಂದು ಇಟ್ಟದ್ದು.

"ಸರ ತೋರಿಸಿ," ಅಂದರು. "ಈ ದುಡ್ಡಿಗೆ ಬರೋದು."

ಕೌಂಟರಕ್ಕನಿಗೆ ತುಂಟತನ. "ಹದಿನಾಲ್ಕು ಗ್ರಾಂದು ಬರುತ್ತೆ. ಆದ್ರೆ ನಾಳೆ ಇನ್ನೂ ಇಳಿಯುತ್ತಂತೆ ಅಣ್ಣ. ಎಲ್ಲರೂ ಹೇಳ್ತಿದ್ದಾರೆ. ಕಾಯ್ತೀರಾ?"

"ಇಳಿದ್ರೆ ಇಳೀಲಿ ತಾಯಿ," ಅಂದರು ಇಳೀಲಿ ಮಾಮ. "ಹೋದ ಸಲ ಇವಳನ್ನ ಮೂರು ವರ್ಷ ಕಾಯಿಸಿದ್ದೀನಿ. ಇವತ್ತೇ ಬಿಲ್ ಹಾಕು."